ಬೆರಳು ತಲುಪದ ಬ್ರೇಕು: ಏಳನೇ ತರಗತಿಯ ಬಾಲಕಿಗೆ ಸೈಕಲ್ ಆರಿಸಿದ ಒಂದು ಪ್ರಕರಣ

ಈ ಪ್ರಕರಣದ ಕುಟುಂಬ ನನಗೆ ಪರಿಚಿತ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು, ಶಾಲೆ, ಅಂಗಡಿ, ಸೈಕಲ್ ಕಂಪನಿ ಯಾವುದರ ಹೆಸರನ್ನೂ ಹೇಳುವುದಿಲ್ಲ, ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಅಳತೆಗಳನ್ನು ಮಾತ್ರ ಬದಲಿಸಿಲ್ಲ, ಏಕೆಂದರೆ ಈ ಪ್ರಕರಣ ನಿಂತಿರುವುದೇ ಅಳತೆಗಳ ಮೇಲೆ. ನಾನು ಪಾಲಿಟೆಕ್ನಿಕ್ ಒಂದರ ವರ್ಕ್‌ಶಾಪಿನಲ್ಲಿ ಬೋಧಕನಾಗಿದ್ದು ನಿವೃತ್ತನಾದವನು. ಮನೆಯಲ್ಲಿ ಸೈಕಲ್ ಬಿಚ್ಚಿ ಜೋಡಿಸುವುದು ಹವ್ಯಾಸವಾದ್ದರಿಂದ ಇಂಥ ಸಮಸ್ಯೆಗಳು ನನ್ನ ಅಂಗಳಕ್ಕೆ ಬರುತ್ತಲೇ ಇರುತ್ತವೆ.

ಹಿನ್ನೆಲೆ

ಮಲೆನಾಡಿನ ಅಂಚಿನಲ್ಲಿರುವ ಒಂದು ತಾಲ್ಲೂಕು ಕೇಂದ್ರ. ಹುಡುಗಿಗೆ ಆಗ ಹನ್ನೆರಡು ವರ್ಷ, ಎತ್ತರ 141 ಸೆಂಟಿಮೀಟರ್. ಮನೆಯಿಂದ ಶಾಲೆಗೆ 4.6 ಕಿಲೋಮೀಟರ್ ದೂರ. ದಾರಿಯ ಬಹುಪಾಲು ಸಮತಟ್ಟಾಗಿದ್ದು, ಶಾಲೆ ಹತ್ತಿರವಾಗುವಾಗ ಸುಮಾರು 350 ಮೀಟರ್ ಉದ್ದದ ಒಂದು ಏರು ಇದೆ. ಬೆಳಿಗ್ಗೆ ಏರು ಆಗಿದ್ದದ್ದು ಸಂಜೆ ಇಳಿಜಾರಾಗುತ್ತದೆ. ಇಳಿಜಾರಿನ ಬುಡದಲ್ಲಿ ರಸ್ತೆ ಎಡಕ್ಕೆ ತಿರುಗುತ್ತದೆ. ಆರನೇ ತರಗತಿಯವರೆಗೆ ಅವಳು ಆಟೋದಲ್ಲಿ ಹೋಗಿ ಬರುತ್ತಿದ್ದಳು. ಏಳನೆಯದಕ್ಕೆ ಬಂದಾಗ ಸೈಕಲ್ ಕೊಡಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು.

ತಂದೆ ಸೈಕಲ್ ತಂದದ್ದು 38 ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರದ ಶೋರೂಮಿನಿಂದ. ಬೆಲೆ 13,800 ರೂಪಾಯಿ. 26 ಇಂಚಿನ ಚಕ್ರ, ದಪ್ಪ ಗುಬುಟು ಟೈರು, ಮುಂದೆ ಶಾಕ್ ಅಬ್ಸಾರ್ಬರ್, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಮುಂದೆ ಮೂರು ಹಿಂದೆ ಏಳು ಹಲ್ಲುಚಕ್ರ ಸೇರಿ 21 ಗೇರು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ. ಅಂಗಡಿಯವರು ಹುಡುಗಿಯ ವಯಸ್ಸು ಕೇಳಿದ್ದರು. ಎತ್ತರವನ್ನಾಗಲೀ ಕಾಲಿನ ಅಳತೆಯನ್ನಾಗಲೀ ಕೇಳಿರಲಿಲ್ಲ. "ಇನ್ನೆರಡು ವರ್ಷಕ್ಕೆ ಸರಿಹೋಗುತ್ತೆ ಸರ್, ಬೆಳೆಯೋ ಮಗು" ಎಂಬ ಮಾತು ತಂದೆಗೂ ಒಪ್ಪಿಗೆಯಾಯಿತು.

ಇಲ್ಲಿ ಒಂದು ಹಳೆಯ ಗೊಂದಲವೂ ಕೆಲಸ ಮಾಡಿತ್ತು. ತಂದೆ ಚಿಕ್ಕಂದಿನಲ್ಲಿ ಸೈಕಲ್ ಕಲಿತದ್ದು ಮನೆಯ 22 ಇಂಚಿನ ಕಪ್ಪು ಸೈಕಲ್‌ನಲ್ಲಿ, ಒಳಪೆಡಲ್ ಹೊಡೆದು. 22ರಲ್ಲಿ ತಾನು ಕಲಿತಿರುವಾಗ ಮಗಳಿಗೆ 26 ಸ್ವಲ್ಪ ದೊಡ್ಡದಿರಬಹುದು ಅಷ್ಟೆ ಎಂದು ಅವರು ಭಾವಿಸಿದ್ದರು. ಆದರೆ ಹಳೆಯ ಕಪ್ಪು ಸೈಕಲ್‌ಗಳಲ್ಲಿ 22, 24 ಎಂದರೆ ಫ್ರೇಮಿನ ಅಳತೆ, ಅಂದರೆ ಪೆಡಲ್ ಅಚ್ಚಿನಿಂದ ಸೀಟಿನ ಕೆಳಗಿನವರೆಗೆ ಹೋಗುವ ಕೊಳವೆಯ ಉದ್ದ. ಅವುಗಳ ಚಕ್ರ 28 ಇಂಚಿನದು. ಈಗ ಅಂಗಡಿಯಲ್ಲಿ ಹೇಳುವ 20, 24, 26 ಚಕ್ರದ ಅಳತೆ. ಹೀಗಾಗಿ ಹಳೆಯ 24 ಎತ್ತರದ ಗಂಡಸಿನ ಸೈಕಲ್, ಇಂದಿನ 24 ಮಕ್ಕಳ ಸೈಕಲ್. ಸವಾರನಿಗೆ ಹೊಂದಬೇಕಾದದ್ದು ಫ್ರೇಮು. ಚಕ್ರದ ಅಳತೆಯಿಂದ ಅದನ್ನು ಅಂದಾಜು ಮಾಡಬಹುದೇ ಹೊರತು ನಿರ್ಧರಿಸಲಾಗದು. ಈ ಸೈಕಲ್‌ನ ಫ್ರೇಮು 18 ಇಂಚಿನದೆಂದು ಕೊಳವೆಯ ಮೇಲಿನ ಚೀಟಿಯಲ್ಲೇ ಬರೆದಿತ್ತು. ಅದನ್ನು ಯಾರೂ ಓದಿರಲಿಲ್ಲ.

ತೊಂದರೆಗಳು ಬಂದ ಬಗೆ

ಜೂನ್ ಮೊದಲ ವಾರದಿಂದ ಹುಡುಗಿ ಸೈಕಲ್‌ನಲ್ಲಿ ಶಾಲೆಗೆ ಹೋಗತೊಡಗಿದಳು. ಒಂದು ತಿಂಗಳೊಳಗೆ ದೂರುಗಳು ಶುರುವಾದವು, ಆದರೆ ಅವು ಸೈಕಲ್‌ನ ದೂರುಗಳಂತೆ ಕೇಳಿಸಲಿಲ್ಲ. ತೊಡೆಯ ಸಂದಿ ಉರಿಯುತ್ತದೆ ಎಂದಳು; ಹೊಸದರಲ್ಲಿ ಹಾಗಾಗುತ್ತದೆ ಎಂದರು. ಭುಜ ನೋಯುತ್ತದೆ ಎಂದಳು. ಬ್ಯಾಗಿನ ಭಾರ ಎಂದರು. ಅಂಗಡಿ ಬೀದಿಯ ಜನಜಂಗುಳಿಯಲ್ಲಿ ಇಳಿದು ತಳ್ಳಿಕೊಂಡೇ ಹೋಗುತ್ತಿದ್ದಳು, ಹೆದರುಪುಕ್ಕಲಿ ಎಂದರು. ನನ್ನ ಅನುಭವದಲ್ಲಿ ಮಕ್ಕಳು "ಸೈಕಲ್ ದೊಡ್ಡದಾಯಿತು" ಎಂದು ಹೇಳುವುದು ಅಪರೂಪ. ಆಸೆಪಟ್ಟು ಕೊಡಿಸಿಕೊಂಡ ವಸ್ತುವಿನ ಮೇಲೆ ಅವರು ತಪ್ಪು ಹೊರಿಸುವುದಿಲ್ಲ.

ಜುಲೈನಲ್ಲಿ ಮುಂದಿನ ಚಕ್ರದಿಂದ ತಿರುಗಿದಾಗಲೆಲ್ಲ ಸರ್ ಸರ್ ಎಂದು ಉಜ್ಜುವ ಸದ್ದು ಬರತೊಡಗಿತು. ತಂದೆ ಊರಿನ ಸೈಕಲ್ ಶಾಪಿಗೆ ಒಯ್ದರು. ಆ ಶಾಪಿನ ಹಿರಿಯರು ನಲವತ್ತು ವರ್ಷದಿಂದ ಅದೇ ಕೆಲಸದಲ್ಲಿರುವವರು, ಕಡ್ಡಿ ಬಿಗಿದು ರಿಮ್ಮಿನ ಬೆಂಡು ತೆಗೆಯುವುದರಲ್ಲಿ ಅವರನ್ನು ಮೀರಿಸುವವರನ್ನು ನಾನು ನೋಡಿಲ್ಲ. ಡಿಸ್ಕ್ ಬ್ರೇಕಿನ ಕೆಲಸ ಮಾತ್ರ ಅವರಿಗೆ ಹೊಸದು. ಬ್ರೇಕ್ ವೈರನ್ನು ಸ್ವಲ್ಪ ಸಡಿಲಿಸಿದರು, ಸದ್ದು ನಿಂತಿತು, ಹತ್ತು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಸದ್ದಿನ ಜೊತೆಗೆ ಬ್ರೇಕೂ ಮುಕ್ಕಾಲು ಪಾಲು ನಿಂತುಹೋಗಿತ್ತೆಂಬುದು ಆಗ ಯಾರಿಗೂ ತಿಳಿಯಲಿಲ್ಲ.

ಅದೇ ತಿಂಗಳಲ್ಲಿ ಗೇರು ತೊಂದರೆ ಕೊಡತೊಡಗಿತು. ಏರಿನಲ್ಲಿ ಹಗುರವಾದ ಗೇರಿಗೆ ಹಾಕಿದರೆ ಚೈನು ದೊಡ್ಡ ಹಲ್ಲುಚಕ್ರವನ್ನೂ ದಾಟಿ ಕಡ್ಡಿಗಳ ಕಡೆಗೆ ಬೀಳುತ್ತಿತ್ತು. ಒಂದು ಬೆಳಿಗ್ಗೆ ಚೈನು ಅಲ್ಲಿ ಸಿಕ್ಕಿಕೊಂಡು ಚಕ್ರವೇ ನಿಂತಿತು. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಒಯ್ದು ಸರಿಮಾಡಿಸಿ ತಂದರು. ಒಂದು ದಿನದ ರಜೆ, ಸಾಗಣೆ, ಕೂಲಿ ಸೇರಿ 700 ರೂಪಾಯಿ ಖರ್ಚು. ಹನ್ನೆರಡು ದಿನಕ್ಕೆ ಮತ್ತೆ ಅದೇ ಆಯಿತು. ಎರಡನೇ ಸಲ ಸರಿಯಾಗಿ ಬಂದ ಮೇಲೆ ತಾಯಿ ಒಂದು ಆಜ್ಞೆ ಹೊರಡಿಸಿದರು: ಗೇರು ಮುಟ್ಟಬೇಡ. 21 ಗೇರಿನ ಸೈಕಲ್ ಅಂದಿನಿಂದ ಒಂದು ಗೇರಿನದಾಯಿತು, ಅದೂ ಏರಿಗೆ ಒಗ್ಗದ ನಡುವಿನ ಗೇರು.

ಆಗಸ್ಟ್‌ನಲ್ಲಿ ಬಿದ್ದಳು. ಸಂಜೆ ಮಳೆ ನಿಂತ ಮೇಲೆ ಇಳಿಜಾರಿನಲ್ಲಿ ಬರುತ್ತಿದ್ದಾಗ, ಬುಡದ ತಿರುವಿನಲ್ಲಿ ಹಾಲಿನ ವ್ಯಾನು ಹಿಂದಕ್ಕೆ ಬರುತ್ತಿತ್ತು. ಸೈಕಲ್ ನಿಲ್ಲಿಸಲಾಗದೆ ಕಾಲು ಕೊಟ್ಟಳು, ಕಾಲು ನೆಲಕ್ಕೆ ಎಟುಕಲಿಲ್ಲ, ಚರಂಡಿಯ ಕಡೆಗೆ ಉರುಳಿದಳು. ಮೊಣಕೈ ತರಚಿ ಮಣಿಕಟ್ಟು ಉಳುಕಿತು, ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಮನೆಯಲ್ಲಿ ಇದಕ್ಕೆ ಸಿಕ್ಕ ವಿವರಣೆ, ಹುಡುಗಿ ಗಾಬರಿಯಲ್ಲಿ ಬ್ರೇಕ್ ಹಿಡಿಯಲಿಲ್ಲ ಎಂಬುದು. ಅವಳು ಮಾತ್ರ ಒಂದೇ ಮಾತನ್ನು ಹೇಳುತ್ತಿದ್ದಳು: "ಹಿಡಿದೆ ಅಪ್ಪಾ, ಹಿಡಿದ್ರೂ ನಿಲ್ಲಲಿಲ್ಲ."

ಮೊದಲು ಮಾಡಿದ ಪರಿಹಾರಗಳು

ನನ್ನ ಬಳಿ ಬರುವ ಮೊದಲು ಎರಡು ಪ್ರಯತ್ನಗಳು ನಡೆದಿದ್ದವು. ಸೀಟನ್ನು ಪೂರ್ತಿ ಇಳಿಸಿದ್ದರು. ಅದರಿಂದ ಸ್ವಲ್ಪ ಅನುಕೂಲವಾದಂತೆ ಕಂಡಿತಾದರೂ ಸೀಟು ಇಳಿದರೆ ಹ್ಯಾಂಡಲ್ ಹತ್ತಿರ ಬರುವುದಿಲ್ಲ, ನಡುವಿನ ಅಡ್ಡಕೊಳವೆಯೂ ಇಳಿಯುವುದಿಲ್ಲ. ಸೀಟು ಇಳಿಸಿ ಮಗುವಿಗೆ ಹೊಂದಿಸುತ್ತೇವೆ ಎನ್ನುವವರು ಮೂರು ಅಳತೆಗಳಲ್ಲಿ ಒಂದನ್ನು ಮಾತ್ರ ಬದಲಿಸುತ್ತಿರುತ್ತಾರೆ. ಎರಡನೆಯದಾಗಿ, ಹಳೆಯ ಟೈರು ಬೇಗ ಸವೆದಂತೆ ಕಂಡದ್ದರಿಂದ ತಂದೆ ಊರಿನಲ್ಲೇ 26ರ ಟೈರು ಒಂದನ್ನು ಕೊಂಡು ತಂದರು. ಅದು ರಿಮ್ಮಿಗೆ ಕೂರಲಿಲ್ಲ, ದೊಗಳೆಯಾಯಿತು. ಟೈರಿನ ಮೈಮೇಲೆ 26×1⅜ ಎಂದಿತ್ತು. ಹಳೆಯ ಟೈರಿನ ಮೇಲೆ 26×1.95. ಎರಡನ್ನೂ ಅಂಗಡಿಯಲ್ಲಿ 26 ಎಂದೇ ಕರೆಯುತ್ತಾರೆ. ಆದರೆ ಭಿನ್ನರಾಶಿಯಲ್ಲಿ ಬರೆದದ್ದು ಕೂರುವ ರಿಮ್ಮಿನ ವ್ಯಾಸ 590 ಮಿಲಿಮೀಟರ್, ದಶಾಂಶದಲ್ಲಿ ಬರೆದದ್ದಕ್ಕೆ 559. ಮೂರು ಸೆಂಟಿಮೀಟರ್ ವ್ಯತ್ಯಾಸ. ಊರಿನ ಶಾಪಿನಲ್ಲಿ ಯಾವಾಗಲೂ ಸಿಗುವುದು ಮೊದಲನೆಯದು, ಏಕೆಂದರೆ ಸುತ್ತಲಿನ ಹಳ್ಳಿಗಳಲ್ಲಿ ಓಡಾಡುವ ಲೇಡೀಸ್ ಸೈಕಲ್‌ಗಳಿಗೆ ಬೇಕಾಗುವುದು ಅದೇ.

ಅಳತೆಗೆ ಇಳಿದಾಗ ಕಂಡದ್ದು

ತಂದೆ ಸೈಕಲ್ಲನ್ನು ನನ್ನಲ್ಲಿಗೆ ತಂದದ್ದು ಮಾರಿಬಿಡುವ ಮುನ್ನ ಒಮ್ಮೆ ಬ್ರೇಕ್ ನೋಡಿಸೋಣ ಎಂದು. ನಾನು ಸೈಕಲ್ ಒಂದನ್ನೇ ನೋಡುವುದಿಲ್ಲ, ಮಗುವನ್ನೂ ಕರೆದುಕೊಂಡು ಬನ್ನಿ ಎಂದೆ.

ಮೊದಲು ಕಾಲಿನ ಒಳ ಅಳತೆ ತೆಗೆದೆವು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಮೇಲಕ್ಕೆ, ಸೀಟಿನ ಮೇಲೆ ಕುಳಿತಷ್ಟು ಒತ್ತಿ ಹಿಡಿಯಬೇಕು, ಪುಸ್ತಕದ ಮೇಲಂಚಿಗೆ ಗೋಡೆಯ ಮೇಲೆ ಪೆನ್ಸಿಲ್ ಗೀಟು ಹಾಕಿ ನೆಲದಿಂದ ಅಳೆಯಬೇಕು. ತಾಯಿಯೇ ಅಳೆದರು: 63 ಸೆಂಟಿಮೀಟರ್. ಸೈಕಲ್‌ನ ಅಡ್ಡಕೊಳವೆ ನೆಲದಿಂದ 76 ಸೆಂಟಿಮೀಟರ್ ಎತ್ತರದಲ್ಲಿತ್ತು. ಸೀಟಿನಿಂದ ಮುಂದಕ್ಕೆ ಇಳಿದು ನಿಂತಾಗ ಕೊಳವೆಗೂ ಮೈಗೂ ನಡುವೆ ಎರಡು ಮೂರು ಸೆಂಟಿಮೀಟರ್ ಜಾಗ ಉಳಿಯಬೇಕು. ಇಲ್ಲಿ ಕೊಳವೆಯೇ 13 ಸೆಂಟಿಮೀಟರ್ ಮೇಲಿತ್ತು. ಅಂದರೆ ನಿಲ್ಲಿಸಬೇಕಾದಾಗಲೆಲ್ಲ ಅವಳು ಸೈಕಲ್ಲನ್ನು ಒಂದು ಕಡೆಗೆ ವಾಲಿಸಿ ಹಾರಿ ಇಳಿಯಬೇಕಿತ್ತು. ಅಂಗಡಿ ಬೀದಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದುದರ ಗುಟ್ಟು ಇದು.

ಆಮೇಲೆ ಸೀಟಿನ ಮೇಲ್ಮೈಯಿಂದ ಕೆಳಗಿರುವ ಪೆಡಲ್‌ವರೆಗಿನ ದೂರ. ಪೂರ್ತಿ ಇಳಿಸಿದ ಸೀಟಿನಲ್ಲೂ ಅದು 71 ಸೆಂಟಿಮೀಟರ್ ಇತ್ತು. ಪೆಡಲ್ ಅತ್ಯಂತ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿದ್ದು ಕಾಲು ನೇರವಾಗಿದ್ದರೆ ಸೀಟಿನ ಎತ್ತರ ಸರಿ. ಪಾದದ ಮುಂಭಾಗವಿಟ್ಟು ತುಳಿಯುವಾಗ ಮೊಣಕಾಲಿನಲ್ಲಿ ಬೇಕಾದಷ್ಟು ಬಾಗು ತಾನಾಗಿಯೇ ಸಿಗುತ್ತದೆ. ಚಪ್ಪಲಿಯ ದಪ್ಪ ಸೇರಿಸಿದರೂ ಅವಳಿಗೆ ಬೇಕಾದದ್ದು 65. ಆರು ಸೆಂಟಿಮೀಟರಿನ ಕೊರತೆಯನ್ನು ಅವಳು ಸೊಂಟವನ್ನು ಅತ್ತಿತ್ತ ಜಾರಿಸಿ ತುಂಬಿಕೊಳ್ಳುತ್ತಿದ್ದಳು. ಹಿಂದಿನಿಂದ ನೋಡಿದರೆ ಸೊಂಟ ತೂಗುವುದು ಎದ್ದು ಕಾಣುತ್ತಿತ್ತು. ಸಂದಿಯ ಉರಿಗೆ ಕಾರಣ ಅದೇ.

ಬ್ರೇಕಿನ ವಿಷಯಕ್ಕೆ ಬಂದಾಗ ನಾನೇ ಮೊದಲು ದಾರಿ ತಪ್ಪಿದೆ. ಡಿಸ್ಕಿನ ತಟ್ಟೆಯನ್ನು ಹಿಡಿದು ನೋಡಿದೆ, ಒಂದು ಕಡೆ ಮಿಲಿಮೀಟರಿನಷ್ಟು ಬಾಗಿತ್ತು. ಅದೇ ಕಾರಣವೆಂದು ತಿಳಿದು ತಟ್ಟೆಯ ಬಾಗು ತೆಗೆಯಲು ಹೊರಟಿದ್ದೆ. ಅಷ್ಟರಲ್ಲಿ ಹುಡುಗಿ ಸ್ಟ್ಯಾಂಡಿನ ಮೇಲಿದ್ದ ಸೈಕಲ್ ಹತ್ತಿ ಕುಳಿತು ಬ್ರೇಕ್ ಹಿಡಿದು ತೋರಿಸಿದಳು. ಹಿಡಿಯುವ ಮುನ್ನ ಅವಳು ಅಂಗೈಯನ್ನು ಹ್ಯಾಂಡಲ್ ಹಿಡಿಯಿಂದ ಬಿಡಿಸಿ ಮುಂದಕ್ಕೆ ಸರಿಸಿದಳು, ಬೆರಳ ತುದಿಗಳನ್ನು ಲಿವರಿಗೆ ಕೊಂಡಿಯಂತೆ ಸಿಕ್ಕಿಸಿದಳು, ಆಮೇಲೆ ಎಳೆದಳು. ಇಡೀ ಅಂಗಳ ಒಂದು ಕ್ಷಣ ಸುಮ್ಮನಾಯಿತು. ತಂದೆ ಮಗಳ ಕೈಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲೆಂದು ತೋರುತ್ತದೆ.

ಕಾಗದದ ಪಟ್ಟಿಯೊಂದರಿಂದ ಅಳೆದೆವು. ಹಿಡಿಯ ಹಿಂಬದಿಯಿಂದ ಲಿವರಿನ ಮುಂಬದಿಗೆ 9.2 ಸೆಂಟಿಮೀಟರ್. ಅವಳ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದಿಯಿಂದ ತೋರುಬೆರಳ ತುದಿಗೆ ಹತ್ತಿರದ ಗಿಣ್ಣಿನವರೆಗೆ 7.5. ಅಂಗೈ ಹಿಡಿಯನ್ನು ಬಿಡದೆ, ತೋರುಬೆರಳು ಮತ್ತು ನಡುಬೆರಳ ಆ ಗಿಣ್ಣು ಲಿವರನ್ನು ಸುತ್ತುವಂತಿರಬೇಕು. ಹಾಗಾದಾಗಲೇ ಬೆರಳಿಗೆ ಎಳೆಯುವ ಬಲ ಬರುತ್ತದೆ. ಇದರ ಮೇಲೆ ವೈರು ಸಡಿಲವಾಗಿದ್ದರಿಂದ ಲಿವರನ್ನು ಹೆಚ್ಚುಕಡಿಮೆ ಹ್ಯಾಂಡಲ್‌ಗೆ ತಾಗುವಷ್ಟು ಎಳೆದರೆ ಮಾತ್ರ ಪ್ಯಾಡು ಡಿಸ್ಕನ್ನು ಕಚ್ಚುತ್ತಿತ್ತು. ಕಡಿಮೆ ಎಟುಕುವ ಕೈಗೆ ಹೆಚ್ಚು ಎಳೆಯಬೇಕಾದ ಬ್ರೇಕು ಸಿಕ್ಕಿತ್ತು. ಹುಡುಗಿ ಹೇಳಿದ್ದು ಅಕ್ಷರಶಃ ನಿಜ: ಹಿಡಿದಿದ್ದಳು, ನಿಂತಿರಲಿಲ್ಲ.

ಹೆಚ್ಚಿನ ಲಿವರುಗಳಲ್ಲಿ, ಅವು ಹ್ಯಾಂಡಲ್‌ಗೆ ಕೂರುವ ಜಾಗದ ಬಳಿ, ಒಂದು ಚಿಕ್ಕ ತಿರುಪು ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸಿದರೆ ಲಿವರು ಹಿಡಿಯ ಹತ್ತಿರಕ್ಕೆ ಬರುತ್ತದೆ. ಇದರಲ್ಲೂ ಇತ್ತು. ಪೂರ್ತಿ ತಿರುಗಿಸಿದಾಗ ಅಂತರ 8 ಸೆಂಟಿಮೀಟರಿಗೆ ಇಳಿಯಿತು, ಇನ್ನೂ ಅರ್ಧ ಸೆಂಟಿಮೀಟರ್ ಉಳಿಯಿತು. ಬ್ರೇಕ್ ಒಂದೇ ತೊಂದರೆಯಾಗಿದ್ದರೆ ಚಿಕ್ಕ ಕೈಯ ಲಿವರು ಹಾಕಿ ಮುಗಿಸುತ್ತಿದ್ದೆ.

ಸೈಕಲ್ ನಿಲ್ಲುವ ಜಾಗ

ತಟ್ಟೆ ಬಾಗಿದ್ದು ಹೇಗೆ, ಗೇರು ಎರಡೆರಡು ಸಲ ಕೆಟ್ಟಿದ್ದು ಹೇಗೆ ಎಂಬುದು ಉಳಿದಿತ್ತು. ಹಿಂದಿನ ಗೇರಿನ ಕೈ ತೂಗುವ ಚಿಕ್ಕ ಕಬ್ಬಿಣದ ಕೊಂಡಿಯನ್ನು ಹಿಂದಿನಿಂದ ನೋಡಿದಾಗ ಅದು ಚಕ್ರದ ಕಡೆಗೆ ವಾಲಿತ್ತು. ಈ ಕೊಂಡಿ ಬಾಗಿದರೆ ಗೇರಿನ ಮೇಲಿರುವ H ಮತ್ತು L ಎಂಬ ತಿರುಪುಗಳನ್ನು ಎಷ್ಟು ಹೊಂದಿಸಿದರೂ ಗೇರು ನಿಲ್ಲುವುದಿಲ್ಲ. ಜಿಲ್ಲಾ ಕೇಂದ್ರದಲ್ಲಿ ಪ್ರತಿಸಲ ಅದನ್ನು ನೇರಮಾಡಿ ಕಳಿಸುತ್ತಿದ್ದರು, ಇಲ್ಲಿ ಮತ್ತೆ ಬಾಗುತ್ತಿತ್ತು.

ಮರುದಿನ ಶಾಲೆಗೆ ಹೋಗಿ ಸೈಕಲ್ ಸ್ಟ್ಯಾಂಡ್ ನೋಡಿದೆ. ತಗಡಿನ ಚಪ್ಪರದ ಕೆಳಗೆ ನೂರಕ್ಕೂ ಹೆಚ್ಚು ಸೈಕಲ್, ಹ್ಯಾಂಡಲ್‌ಗೆ ಹ್ಯಾಂಡಲ್ ತೆಕ್ಕೆ ಹಾಕಿಕೊಂಡು ನಿಂತಿದ್ದವು. ಗಂಟೆ ಹೊಡೆದಾಗ ಒಂದನ್ನು ಎಳೆದರೆ ಸಾಲು ಸಾಲೇ ಬಲಕ್ಕೆ ವಾಲುತ್ತಿತ್ತು. ಗೇರಿನ ಕೈ ಇರುವುದು ಬಲಗಡೆ, ಪಕ್ಕದ ಸೈಕಲ್‌ನ ಪೆಡಲ್ ಬಂದು ಗುದ್ದುವುದು ಅದಕ್ಕೇ. ಡಿಸ್ಕಿನ ತೆಳು ತಟ್ಟೆಗೂ ಇನ್ನೊಂದು ಸೈಕಲ್‌ನ ಸ್ಟ್ಯಾಂಡೋ ಪೆಡಲ್ಲೋ ಸಿಕ್ಕಿ ಬಾಗಿರಬೇಕು. ಸೈಕಲ್ ಓಡುವುದು ದಿನಕ್ಕೆ ನಲವತ್ತು ನಿಮಿಷ, ಅಲ್ಲಿ ನಿಲ್ಲುವುದು ಏಳು ಗಂಟೆ. ಯಾವ ರಸ್ತೆಯಲ್ಲಿ ಓಡಿಸುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ, ಎಲ್ಲಿ ನಿಲ್ಲಿಸುತ್ತೀರಿ ಎಂದು ನಾನೂ ಅದುವರೆಗೆ ಯಾರನ್ನೂ ಕೇಳಿರಲಿಲ್ಲ.

ಹೀಗಾಗಿ ತಪ್ಪು ಸೈಕಲ್ ತಯಾರಿಸಿದವರದೆಂದು ಹೇಳುವಂತಿರಲಿಲ್ಲ. ಆಳೆತ್ತರದ ಸವಾರ, ಗೋಡೆಗೆ ಒರಗಿಸಿ ನಿಲ್ಲಿಸುವ ಮನೆ, ಡಿಸ್ಕ್ ಬಲ್ಲ ಮೆಕ್ಯಾನಿಕ್ ಇರುವ ನಗರ ಇವೆಲ್ಲ ಇದ್ದಿದ್ದರೆ ಅದು ಒಳ್ಳೆಯ ಸೈಕಲ್ಲೇ.

ಬದಲಿ ಸೈಕಲ್ ಆರಿಸಿದ್ದು

ಮಾರಿದಾಗ 7,500 ರೂಪಾಯಿ ಬಂತು. ನಾಲ್ಕು ತಿಂಗಳ ಸೈಕಲ್‌ಗೆ 6,300 ನಷ್ಟ. ತಂದೆಗೆ ಇದು ಸುಲಭದ ನಿರ್ಧಾರವಾಗಿರಲಿಲ್ಲ, ಇನ್ನೊಂದು ವರ್ಷ ಎತ್ತಿಟ್ಟರೆ ಬೆಳೆಯುತ್ತಾಳಲ್ಲ ಎಂದು ಎರಡು ವಾರ ತಡೆದರು. ಲೆಕ್ಕ ಹಾಕಿ ತೋರಿಸಿದೆ: ಅಡ್ಡಕೊಳವೆಯನ್ನು ದಾಟಿ ನಿಲ್ಲಲು ಕಾಲಿನ ಅಳತೆ 78ಕ್ಕೆ ಹೋಗಬೇಕು, ಅಂದರೆ ಇನ್ನೂ 15 ಸೆಂಟಿಮೀಟರ್. ಒಂದು ವರ್ಷದ ಮಾತಲ್ಲ ಅದು, ಆ ಅಳತೆಗೆ ಅವಳು ಎಂದಾದರೂ ಬರುತ್ತಾಳೋ ಇಲ್ಲವೋ.

ಊರಿನ ಶಾಪಿನಲ್ಲಿ ಇಬ್ಬರು ಅಭ್ಯರ್ಥಿಗಳಿದ್ದರು. ಒಂದು 24 ಇಂಚು ಚಕ್ರದ ಮಕ್ಕಳ ಸೈಕಲ್, ಇನ್ನೊಂದು 26×1⅜ ಚಕ್ರದ, 16 ಇಂಚು ಫ್ರೇಮಿನ, ನಡುಕೊಳವೆ ಕೆಳಕ್ಕೆ ಬಾಗಿದ ಲೇಡೀಸ್ ಸೈಕಲ್. ಮೊದಲನೆಯದು ಆ ದಿನಕ್ಕೆ ಹೆಚ್ಚು ಹಿತವಾಗಿತ್ತು, ನನ್ನ ಒಲವೂ ಅದರತ್ತ ಇತ್ತು. ಆದರೆ ಅದರ ಸೀಟಿನ ಪೈಪನ್ನು ಮೇಲೆತ್ತುತ್ತ ಹೋದರೆ, ಇದಕ್ಕಿಂತ ಹೊರಗೆ ಎಳೆಯಬಾರದೆಂದು ಪೈಪಿನ ಮೇಲೆ ಕೊರೆದ ಗೆರೆ ಕಾಣುವ ಹೊತ್ತಿಗೆ ಪೆಡಲ್‌ವರೆಗಿನ ದೂರ 71 ಮಾತ್ರ. ಎರಡು ವರ್ಷದಲ್ಲಿ ಅವಳು ಅದನ್ನು ದಾಟುವ ಸಂಭವವಿತ್ತು. ಲೇಡೀಸ್ ಸೈಕಲ್‌ನಲ್ಲಿ ಸೀಟು ಪೂರ್ತಿ ಇಳಿಸಿದಾಗ 64.5, ಗೆರೆಯವರೆಗೆ ಏರಿಸಿದಾಗ 80. ಕೆಳಗಿನ ತುದಿ ಅವಳ ಇಂದಿನ ಅಳತೆಗೆ ಕೂದಲೆಳೆಯಷ್ಟೇ ಹೊಂದುತ್ತಿತ್ತು. ಅಂಗಡಿಯ ಮುಂದೆ ಕೂರಿಸಿ ನೋಡಿದೆವು: ಎರಡೂ ಕಾಲಿನ ಬೆರಳು ನೆಲ ಮುಟ್ಟಿದವು. ಕೊಳವೆ ಬಾಗಿದ್ದರಿಂದ ಮುಂದಕ್ಕೆ ಇಳಿದು ನಿಲ್ಲಲು ಅಡ್ಡಿ ಇರಲಿಲ್ಲ. ಹಿಂದಕ್ಕೆ ಬಾಗಿದ ಹ್ಯಾಂಡಲ್ ಆದ್ದರಿಂದ ಸೀಟಿನ ಮೂತಿಯಿಂದ ಹಿಡಿಗೆ 42 ಸೆಂಟಿಮೀಟರ್; ಮೊದಲಿನದರಲ್ಲಿ ಅದು 52 ಇತ್ತು, ಭುಜದ ನೋವು ಅಲ್ಲಿಂದ ಬಂದದ್ದು. ತಾಯಿ ಎರಡನೆಯದನ್ನೇ ಆರಿಸಿದರು, ಅವರ ನಿರ್ಧಾರ ಸರಿಯಾಗಿತ್ತು. ಬೆಳೆಯುವ ಮಗುವಿಗೆ ದೊಡ್ಡದನ್ನು ಕೊಳ್ಳಬಾರದೆಂದಲ್ಲ. ಹೊಂದಿಸುವ ವ್ಯಾಪ್ತಿಯ ಕೆಳತುದಿ ಇಂದೇ ಹೊಂದಬೇಕು, ಮೇಲಿನ ತುದಿ ನಾಳೆಗೆ ಇರಲಿ.

ಬ್ರೇಕಿನಲ್ಲಿ ಒಂದು ವಿಷಯದಲ್ಲಿ ಮಾತ್ರ ಹಟ ಮಾಡಿದೆ. ಅದೇ ಮಾದರಿ ಉಕ್ಕಿನ ಹೊಳಪು ರಿಮ್ಮಿನಲ್ಲೂ ಅಲ್ಯೂಮಿನಿಯಂ ರಿಮ್ಮಿನಲ್ಲೂ ಇತ್ತು, ಬೆಲೆಯಲ್ಲಿ 900 ರೂಪಾಯಿ ಅಂತರ. ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕ್ ರಬ್ಬರ್ ಅದರ ಮೇಲೆ ಎಣ್ಣೆ ಸವರಿದಂತೆ ಜಾರುತ್ತದೆ. ಅಲ್ಯೂಮಿನಿಯಂ ರಿಮ್ಮಿನ ಮೇಲೂ ಮೊದಲ ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ, ಆದರೆ ಆಮೇಲೆ ಹಿಡಿಯುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆಯಾಗಿರುವ ದಾರಿಗೆ ಆ 900 ರೂಪಾಯಿ ಉಳಿಸಬಾರದೆಂದೆ. ರಿಮ್ಮಿನ ಎರಡೂ ಬದಿಗೆ ಉದ್ದ ತೋಳಿನ ವಿ ಬ್ರೇಕ್ ಇತ್ತು. ಇದರ ವೈರು, ರಬ್ಬರ್ ಎರಡೂ ಶಾಪಿನ ಗೋಡೆಯ ಮೇಲೆ ತೂಗುತ್ತಿದ್ದವು. ಚಿಕ್ಕ ಕೈಯ ಲಿವರನ್ನು ಜಿಲ್ಲಾ ಕೇಂದ್ರದಿಂದ ತರಿಸಬೇಕಾಯಿತು. ತರಿಸುವಾಗ ಅದು ವಿ ಬ್ರೇಕಿಗೆ ಹೊಂದುವ ಲಿವರೇ ಎಂದು ಕೇಳಿಕೊಳ್ಳಬೇಕು, ಏಕೆಂದರೆ ಹಳೆಯ ಮಾದರಿಯ ಬ್ರೇಕಿನ ಲಿವರು ಎಳೆಯುವ ವೈರಿನ ಉದ್ದ ಕಡಿಮೆ, ವಿ ಬ್ರೇಕಿಗೆ ಸಾಲದು. ಹಾಕಿದ ಮೇಲೆ ಅಂತರ 7.2ಕ್ಕೆ ಬಂತು.

ಗೇರಿನ ಪ್ರಶ್ನೆ ಕೊನೆಗೆ ಉಳಿಯಿತು. ಈ ಸೈಕಲ್‌ಗೆ ಗೇರಿಲ್ಲ. ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲ್‌ಗೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ 2.44 ಸುತ್ತು ತಿರುಗುತ್ತದೆ. ಟೈರಿನ ಸುತ್ತಳತೆ ಸುಮಾರು 2.07 ಮೀಟರ್ ಆದ್ದರಿಂದ ಸೈಕಲ್ 5 ಮೀಟರ್ ಮುಂದೆ ಹೋಗುತ್ತದೆ. ಸಮತಟ್ಟಿಗೆ ಸರಿ, ಏರಿಗೆ ಮಗುವಿನ ಕಾಲಿಗೆ ಭಾರ. ಶಾಪಿನ ಹಿರಿಯರೇ ದಾರಿ ಹೇಳಿದರು: "ಫ್ರೀವೀಲ್ ಬದಲಿಸೋಣ ಮೇಷ್ಟ್ರೇ, ಇಪ್ಪತ್ತೆರಡರದು ಇದೆ." 22 ಹಲ್ಲಿನದು ಹಾಕಿದರೆ ಒಂದು ತುಳಿತಕ್ಕೆ 4.1 ಮೀಟರ್, ತುಳಿಯುವ ಭಾರ ಹೆಚ್ಚುಕಡಿಮೆ ಐದನೇ ಒಂದು ಪಾಲು ಇಳಿಯುತ್ತದೆ. ನಿಮಿಷಕ್ಕೆ 60 ಸಲ ತುಳಿದರೆ ಗಂಟೆಗೆ 15 ಕಿಲೋಮೀಟರ್ ವೇಗ, ಶಾಲೆಗೆ ಅಷ್ಟು ಸಾಕು. ಅವರು ಹಳೆಯ ಫ್ರೀವೀಲ್ ಕಳಚಿ, ಚೈನಿಗೆ ಒಂದು ಜೋಡಿ ಕೊಂಡಿ ಸೇರಿಸಿ, ಅರ್ಧ ಗಂಟೆಯಲ್ಲಿ ಮುಗಿಸಿದರು. ಒಟ್ಟು 260 ರೂಪಾಯಿ ಆಯಿತು. ಡಿಸ್ಕಿನ ಮುಂದೆ ಕೈ ಕಟ್ಟಿ ನಿಂತಿದ್ದ ಅದೇ ಕೈಗಳು ಇಲ್ಲಿ ನೋಡದೆಯೇ ಓಡುತ್ತಿದ್ದವು.

ಏರು 350 ಮೀಟರ್ ಆಗಿದ್ದರಿಂದ ಈ ಉಪಾಯ ನಡೆಯಿತು. ಎರಡು ಮೂರು ಕಿಲೋಮೀಟರ್ ಏರಿದ್ದರೆ ಗೇರು ಬೇಕೇ ಬೇಕು ಎನ್ನುತ್ತಿದ್ದೆ, ಆದರೆ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಆರೋ ಏಳೋ ಇರುವುದನ್ನು ಆರಿಸುತ್ತಿದ್ದೆ. 21 ಗೇರಿನಲ್ಲಿ ಅನೇಕವು ಒಂದನ್ನೊಂದು ಹೋಲುತ್ತವೆ, ಮುಂದಿನ ಗೇರಿನ ಕೈ ಕೆಡುವುದಕ್ಕೆ ಇನ್ನೊಂದು ಜಾಗ ಅಷ್ಟೆ. ದಿನಾ ಹತ್ತಾರು ಕಿಲೋಮೀಟರ್ ಓಡಿಸುವ ದೊಡ್ಡವರ ಲೆಕ್ಕ ಬೇರೆ. ಅವರಿಗೆ ಗಾಳಿಯ ಎದುರು, ಸುಸ್ತಾದ ಸಂಜೆ, ಡಬಲ್ಸ್ ಎಲ್ಲಕ್ಕೂ ಗೇರು ಒದಗುತ್ತದೆ.

ಆಮೇಲೆ

ಅಕ್ಟೋಬರಿನಿಂದ ಇಲ್ಲಿಯವರೆಗೆ ಹದಿನಾಲ್ಕು ತಿಂಗಳಾಗಿದೆ. ಹುಡುಗಿ 148 ಸೆಂಟಿಮೀಟರ್ ಆಗಿದ್ದಾಳೆ, ಕಾಲಿನ ಅಳತೆ 66.5. ಸೀಟನ್ನು ಎರಡು ಸಲ ಏರಿಸಿದ್ದೇವೆ, ಹ್ಯಾಂಡಲ್ ಒಮ್ಮೆ. ಜಿಲ್ಲಾ ಕೇಂದ್ರಕ್ಕೆ ಒಮ್ಮೆಯೂ ಒಯ್ದಿಲ್ಲ. ಪಂಕ್ಚರ್ ನಾಲ್ಕು, ಬ್ರೇಕ್ ವೈರು ಒಂದು, ಪೆಡಲ್ ಒಂದು, ಎಲ್ಲವೂ ಊರಿನಲ್ಲೇ, ಅದೇ ದಿನ ರಿಪೇರಿಯಾದವು. ಶಾಲೆಯ ಸ್ಟ್ಯಾಂಡಿನಲ್ಲಿ ಅದು ಎಷ್ಟು ಸಲ ಬಿದ್ದಿದೆಯೋ. ಮಡ್‌ಗಾರ್ಡ್ ನುಗ್ಗಾಗಿದೆ, ಕ್ಯಾರಿಯರ್ ಸ್ವಲ್ಪ ಸೊಟ್ಟಗಾಗಿದೆ, ಓಡುವುದಕ್ಕೆ ಏನೂ ಆಗಿಲ್ಲ.

ನಾನು ಎಣಿಸದೇ ಹೋದದ್ದೂ ಒಂದಿದೆ. ಮಳೆಗಾಲದ ಕೆಸರು ಬ್ರೇಕ್ ರಬ್ಬರಿನಲ್ಲಿ ಸಿಕ್ಕಿ ಅಲ್ಯೂಮಿನಿಯಂ ರಿಮ್ಮಿನ ಮೇಲೆ ಗೀರು ಹಾಕಿತು. ಜುಲೈ ಕೊನೆಗೆ ಮುಂದಿನ ರಬ್ಬರ್‌ಗಳನ್ನು ತೆಗೆದು ನೋಡಿದರೆ ಮರಳಿನ ಕಾಳುಗಳ ಜೊತೆಗೆ ರಿಮ್ಮಿನಿಂದ ಕಿತ್ತ ಬೆಳ್ಳಿಬಣ್ಣದ ಚೂರುಗಳೂ ಒಳಗೆ ಹುದುಗಿದ್ದವು. ಬ್ರೇಕ್ ಹಿಡಿದಾಗ ಕರಕರ ಸದ್ದು ಬಂದರೆ ಅದೇ ಗುರುತು. ಈಗ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಅವಳೇ ರಬ್ಬರ್ ಕಳಚಿ ಸೂಜಿಯಿಂದ ಚೂರು ತೆಗೆದು, ಮರಳು ಕಾಗದದಲ್ಲಿ ಉಜ್ಜಿ ಹಾಕುತ್ತಾಳೆ. ಪಾನಾ ಹಿಡಿಯುವುದನ್ನು ಶಾಪಿನ ಹಿರಿಯರು ಕಲಿಸಿದ್ದಾರೆ.

ಬ್ಯಾಗು ಭಾರವಿರುವ ಸೋಮವಾರಗಳಂದು ಆ ಏರಿನ ಕೊನೆಯ ನೂರು ಮೀಟರನ್ನು ಅವಳು ಈಗಲೂ ಇಳಿದು ತಳ್ಳಿಕೊಂಡೇ ಹೋಗುತ್ತಾಳೆ. 24 ಹಲ್ಲಿನ ಫ್ರೀವೀಲ್ ಸಿಗುತ್ತದೆಯೇ ಎಂದು ಕಳೆದ ವಾರ ಶಾಪಿನಲ್ಲಿ ತಾನೇ ವಿಚಾರಿಸಿ ಬಂದಿದ್ದಾಳೆ.